ಐದಾರು ವಾರ ಯಾರ ಕಣ್ಣಿಗೂ ಬೀಳದ ಹಂದಿ ಜ್ವರ: ನೆದರ್ಲೆಂಡ್ಸ್, 1997

ಹಂದಿ ಜ್ವರ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಎಚ್‌1ಎನ್‌1 ನೆನಪಾಗುತ್ತದೆ. ಪತ್ರಿಕೆಗಳು ಅದಕ್ಕೂ ಇದೇ ಹೆಸರಿಟ್ಟಿವೆ. ಅದು ಮನುಷ್ಯರಿಗೆ ಬರುವ ಫ್ಲೂ. ನಾನು ಇಲ್ಲಿ ಬರೆಯುತ್ತಿರುವುದು ಹಂದಿಗಳಿಗೆ ಮಾತ್ರ ಬರುವ ಕ್ಲಾಸಿಕಲ್ ಸ್ವೈನ್ ಫೀವರ್ ಬಗ್ಗೆ. ಊರ ಹಂದಿ, ಕಾಡುಹಂದಿ ಎರಡಕ್ಕೂ ಇದು ಬರುತ್ತದೆ. ಮನುಷ್ಯರಿಗೆ ಬರುವುದಿಲ್ಲ, ದನ ಕುರಿಗೆ ಕಾಯಿಲೆ ತರುವುದಿಲ್ಲ. ಇದಕ್ಕೆ ಔಷಧಿ ಇಲ್ಲ. ಲಸಿಕೆ ಇದೆ.

ಹಂದಿ ಸಾಕುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ನಮ್ಮ ಹಂದಿ ಶೆಡ್ ಬಿಟ್ಟು ಹೊರಗೇ ಹೋಗಿಲ್ಲ, ರೋಗ ಎಲ್ಲಿಂದ ಬಂತು?" ಇದಕ್ಕೆ ಉತ್ತರ ಹೇಳುವಾಗ ನಾನು ನೆದರ್ಲೆಂಡ್ಸ್‌ನಲ್ಲಿ 1997ರಲ್ಲಿ ನಡೆದ ಕಥೆ ಹೇಳುತ್ತೇನೆ. ಒಂದು ರೋಗ ಫಾರ್ಮಿನಿಂದ ಫಾರ್ಮಿಗೆ ಹೇಗೆ ಹೋಯಿತು ಅಂತ ಹೆಜ್ಜೆ ಹೆಜ್ಜೆಗೂ ಹುಡುಕಿ ಬರೆದಿಟ್ಟ ಪ್ರಕರಣ ಅದು.

ಆ ಚಳಿಗಾಲ ಯುರೋಪಿನಲ್ಲಿ ವಿಪರೀತ ಚಳಿ. ನೆದರ್ಲೆಂಡ್ಸ್‌ನ ಕಾಲುವೆಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. 1997ರ ಜನವರಿ 4ರಂದು ಹನ್ನೊಂದು ಊರುಗಳನ್ನು ಸುತ್ತುವ ಸ್ಕೇಟಿಂಗ್ ಓಟ ಅದೇ ಕಾಲುವೆಗಳ ಮೇಲೆ ನಡೆಯಿತು. ಮಂಜು ಅಷ್ಟು ಗಟ್ಟಿಯಾಗದಿದ್ದರೆ ಆ ಓಟವನ್ನು ನಡೆಸುವುದೇ ಇಲ್ಲ. ಪಕ್ಕದ ಜರ್ಮನಿಯ ಪಾಡರ್‌ಬೋರ್ನ್ ಸುತ್ತ ಆ ಹೊತ್ತಿಗೆ ಹಂದಿ ಜ್ವರದ ವೈರಸ್ ಇತ್ತು. ಅಲ್ಲಿಗೆ ಹೋಗಿ ವಾಪಸ್ಸು ಬಂದ ಹಂದಿ ಸಾಗಿಸುವ ಲಾರಿಯೊಂದು ವೈರಸ್ಸನ್ನು ಹೊತ್ತು ತಂದಿರಬೇಕು ಎಂಬುದು ಆಮೇಲೆ ತನಿಖೆ ಮಾಡಿದವರ ಬಲವಾದ ಅನುಮಾನ. ಎರಡೂ ಕಡೆ ಸಿಕ್ಕ ವೈರಸ್ ಒಂದೇ ತಳಿ.

ಖಾಲಿ ಲಾರಿಯಿಂದ ರೋಗ ಬರುತ್ತದಾ? ಬರುತ್ತದೆ. ರೋಗ ಹಿಡಿದ ಹಂದಿಯ ಜೊಲ್ಲು, ಮೂತ್ರ, ಸಗಣಿ ಎಲ್ಲದರಲ್ಲೂ ವೈರಸ್ ಇರುತ್ತದೆ. ಲಾರಿಯ ಹಲಗೆ ಸಂದಿಯಲ್ಲಿ ಸಗಣಿ ಮೆತ್ತಿಕೊಂಡಿದ್ದರೆ ಅದರೊಳಗೆ ವೈರಸ್ ಬದುಕುತ್ತದೆ. ಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತದೆ. ಚಳಿಯಲ್ಲಿ, ತೇವದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸೋಂಕುನಾಶಕ ಸಿಂಪಡಿಸುವ ಮೊದಲು ಆ ಸಗಣಿಯನ್ನು ಉಜ್ಜಿ ತೊಳೆದು ತೆಗೆಯಬೇಕು. ಯಾಕೆಂದರೆ ಔಷಧಿ ಸಗಣಿಯ ಮೇಲ್ಪದರಕ್ಕಷ್ಟೇ ತಾಗುತ್ತದೆ, ಒಳಗೆ ಇಳಿಯುವುದಿಲ್ಲ. ಪೈಪಿನ ನೀರೇ ಹೆಪ್ಪುಗಟ್ಟುವ ಚಳಿಯಲ್ಲಿ ಲಾರಿ ಸರಿಯಾಗಿ ತೊಳೆಯುವುದು ಹೇಗೆ?

ರೋಗ ಪತ್ತೆಯಾಗಿದ್ದು ಫೆಬ್ರುವರಿ 4ಕ್ಕೆ. ದೇಶದ ದಕ್ಷಿಣ ಭಾಗದ ನೂರ್ಡ್ ಬ್ರಬಾಂಟ್ ಪ್ರಾಂತ್ಯದ ವೆನ್‌ಹಾರ್ಸ್ಟ್ ಎಂಬ ಹಳ್ಳಿಯಲ್ಲಿ. ಆ ಸೀಮೆಯಲ್ಲಿ ಚದರ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹಂದಿಗಳಿದ್ದವು. ಒಂದು ಫಾರ್ಮಿನ ಬಾಗಿಲಲ್ಲಿ ನಿಂತರೆ ಮುಂದಿನ ಫಾರ್ಮು ಕಾಣುತ್ತಿತ್ತು. ಆಮೇಲೆ ಲೆಕ್ಕ ಹಾಕಿದವರು ಹೇಳಿದ್ದು ಏನೆಂದರೆ, ಅಂದಿಗೆ ವೈರಸ್ ದೇಶದೊಳಗೆ ಬಂದು 5ರಿಂದ 7 ವಾರ ಆಗಿತ್ತು. ಅಷ್ಟರಲ್ಲಿ ಸುಮಾರು 39 ಫಾರ್ಮುಗಳಿಗೆ ಹೊಕ್ಕಿತ್ತು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಆ ಐದಾರು ವಾರವೇ. ನೆದರ್ಲೆಂಡ್ಸ್‌ನಲ್ಲಿ ಹಂದಿ ಡಾಕ್ಟರುಗಳಿಗೆ ಬರ ಇರಲಿಲ್ಲ. ಒಳ್ಳೆಯ ಲ್ಯಾಬ್ ಇತ್ತು. ಆದರೂ ಯಾಕೆ ಗೊತ್ತಾಗಲಿಲ್ಲ?

ಪುಸ್ತಕದಲ್ಲಿ ಹಂದಿ ಜ್ವರದ ಚಿತ್ರ ಹಾಕುವಾಗ ಕಿವಿ, ಹೊಟ್ಟೆ, ತೊಡೆಯ ಒಳಭಾಗ ನೇರಳೆ ಬಣ್ಣಕ್ಕೆ ತಿರುಗಿದ ಹಂದಿಯ ಚಿತ್ರ ಹಾಕುತ್ತಾರೆ. ರೈತರೂ ಅದನ್ನೇ ಕಾಯುತ್ತಾರೆ. ಆದರೆ ಅದು ತಡವಾಗಿ ಬರುವ ಲಕ್ಷಣ, ಎಷ್ಟೋ ಹಂದಿಗಳಲ್ಲಿ ಬರುವುದೇ ಇಲ್ಲ. ಡಚ್ಚರು ರೋಗ ಬಂದ ಫಾರ್ಮುಗಳ ದಾಖಲೆ ಕೂಡಿಸಿ ನೋಡಿದಾಗ ಮೊದಲಿಗೆ ಕಂಡ ಲಕ್ಷಣಗಳು ತೀರಾ ಸಾಮಾನ್ಯವಾಗಿದ್ದವು. ಹಂದಿ ಮೇವು ಬಿಟ್ಟಿದೆ. ಮಂಕಾಗಿದೆ. ಜ್ವರ ಇದೆ. ಆಂಟಿಬಯಾಟಿಕ್ ಕೊಟ್ಟರೂ ಗುಣ ಕಾಣುತ್ತಿಲ್ಲ. ಇಷ್ಟೇ. ಇದನ್ನು ನೋಡಿ ಹಂದಿ ಜ್ವರ ಅಂತ ಯಾರು ತಾನೇ ಹೇಳುತ್ತಾರೆ?

ಅದರ ಹಿಂದೆ ಒಂದು ಕಾರಣ ಇದೆ. ವೈರಸ್ ಬಾಯಿ ಮೂಗಿನಿಂದ ಒಳಗೆ ಹೋಗಿ ಮೊದಲು ಗಂಟಲಿನ ಟಾನ್ಸಿಲ್‌ನಲ್ಲಿ ಬೆಳೆಯುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿದು ಬಿಳಿ ರಕ್ತಕಣಗಳನ್ನು ಹಾಳು ಮಾಡುತ್ತದೆ. ಬಿಳಿ ಕಣ ಕಡಿಮೆಯಾದ ಮೇಲೆ ಹಂದಿಯ ಮೈಯಲ್ಲಿ, ಶೆಡ್ಡಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕೆಮ್ಮು, ನ್ಯುಮೋನಿಯಾ, ಭೇದಿ ಶುರುವಾಗುತ್ತದೆ. ಡಾಕ್ಟರು ಅದಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನ ಸ್ವಲ್ಪ ಚೇತರಿಸಿದಂತೆ ಕಾಣುತ್ತದೆ, ಮತ್ತೆ ಬೀಳುತ್ತದೆ. ಹೀಗೆ ಔಷಧಿ ಬದಲಾಯಿಸುತ್ತಾ ವಾರಗಳು ಕಳೆಯುತ್ತವೆ. 1997ರ ವೈರಸ್ ಅತಿ ಉಗ್ರವೂ ಅಲ್ಲ, ಮಧ್ಯಮ ತೀವ್ರತೆಯದು. ಒಂದೇ ವಾರದಲ್ಲಿ ಶೆಡ್ಡೆಲ್ಲ ಹೆಣ ಬಿದ್ದಿದ್ದರೆ ಯಾರಾದರೂ ಗಾಬರಿಯಾಗುತ್ತಿದ್ದರು. ಇದು ಹಾಗೆ ಮಾಡಲಿಲ್ಲ. ದೊಡ್ಡ ಹೆಣ್ಣು ಹಂದಿಗಳಲ್ಲಂತೂ ಈ ರೋಗ ಎರಡು ದಿನ ಮೇವು ಬಿಟ್ಟು ಮತ್ತೆ ತಿನ್ನುವಷ್ಟಕ್ಕೇ ಮುಗಿದುಬಿಡಬಹುದು.

ನಮ್ಮ ಕಡೆಯ ಒಂದು ಸಣ್ಣ ಫಾರ್ಮಿನಲ್ಲಿ ನಾನೇ ಇದನ್ನು ನೋಡಿದ್ದೇನೆ. "ಏನಿಲ್ಲ ಡಾಕ್ಟ್ರೇ, ಮೇವು ಬಿಟ್ಟಿವೆ ಅಷ್ಟೇ, ಒಂದು ಸೂಜಿ ಹಾಕಿ ಹೋಗಿ" ಅಂದರು. ಬೆಳಗ್ಗೆ ಎಂಟೂವರೆ, ಸೆಕೆ ಶುರುವಾಗಿತ್ತು. ಆ ಸೆಕೆಯಲ್ಲೂ ಮೂರು ತಿಂಗಳ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಚಳಿ ಹಿಡಿದವರ ಹಾಗೆ. ನನಗೆ ಅನುಮಾನ ಬಂದಿದ್ದು ಅಲ್ಲೇ. ಕಣ್ಣಿನ ಅಂಚಿಗೆ ಪಿಸರು ಅಂಟಿತ್ತು. ಒಂದನ್ನು ಎಬ್ಬಿಸಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟಿತು, ಹಿಂಗಾಲು ಎರಡೂ ತೂರಾಡಿದವು, ಕೂತುಬಿಟ್ಟಿತು. ಥರ್ಮಾಮೀಟರ್ ಇಟ್ಟರೆ 106. ಪಕ್ಕದ್ದು 105.8. ಹಂದಿಯ ಮಾಮೂಲಿ ಉಷ್ಣತೆ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ನೆಲದ ಮೇಲೆ ಗಟ್ಟಿ ಉಂಡೆಯಂಥ ಸಗಣಿಯೂ ಇತ್ತು, ಹಳದಿ ಭೇದಿಯೂ ಇತ್ತು. ಈ ರೋಗದಲ್ಲಿ ಮೊದಲು ಮಲಬದ್ಧತೆ, ಆಮೇಲೆ ಭೇದಿ. ಎರಡೂ ಒಂದೇ ಗೂಡಿನಲ್ಲಿ ಕಂಡವೆಂದರೆ ಬೇರೆ ಬೇರೆ ಮರಿಗಳು ಬೇರೆ ಬೇರೆ ದಿನ ರೋಗಕ್ಕೆ ಬಿದ್ದಿವೆ ಎಂದು ಅರ್ಥ. ಒಂದು ಮರಿಯ ಕಿವಿಯೂ ನೇರಳೆ ಆಗಿರಲಿಲ್ಲ.

ಅಂದು ನಾನು ಸೂಜಿ ಹಾಕಲಿಲ್ಲ. ಜ್ವರ ಇದ್ದ ಮರಿಗಳ ರಕ್ತವನ್ನು ಹೆಪ್ಪುಗಟ್ಟದಂತೆ ಇಡುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಐಸ್ ಇಟ್ಟು ಲ್ಯಾಬಿಗೆ ಕಳಿಸಿದೆ. ಮರುದಿನ ಸತ್ತ ಒಂದು ಮರಿಯನ್ನು ಕುಯ್ದು ನೋಡಿದೆ. ಮೂತ್ರಪಿಂಡದ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಗುಲ್ಮದ ಅಂಚಿನಲ್ಲಿ ಕಪ್ಪಗೆ ಉಬ್ಬಿದ ತುಣುಕುಗಳು. ಟಾನ್ಸಿಲ್, ಗುಲ್ಮ, ಮೂತ್ರಪಿಂಡದ ಚೂರುಗಳನ್ನೂ ಕಳಿಸಿದೆ. ಲ್ಯಾಬಿಗೆ ಕಳಿಸಲೇಬೇಕು. ಆಫ್ರಿಕನ್ ಹಂದಿ ಜ್ವರ ಕೂಡ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. 2020ರಿಂದ ಅದು ನಮ್ಮ ದೇಶದಲ್ಲೂ ಇದೆ, ಅದು ಪೂರಾ ಬೇರೆ ವೈರಸ್. ಕಣ್ಣಿನಲ್ಲಿ ನೋಡಿ ಇದು ಅದು ಅಂತ ಹೇಳಲು ನನಗಂತೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಈ ಲಸಿಕೆ ಅದಕ್ಕೆ ತಾಗುವುದೂ ಇಲ್ಲ.

ವೆನ್‌ಹಾರ್ಸ್ಟ್ ಕಡೆಗೆ ವಾಪಸ್ಸು ಬರೋಣ. ಹಂದಿಗೆ ವೈರಸ್ ಹೊಕ್ಕ ಮೇಲೆ ಜ್ವರ ಕಾಣಲು ಸಾಮಾನ್ಯವಾಗಿ ನಾಲ್ಕರಿಂದ ಹತ್ತು ದಿನ ಬೇಕು. ಆದರೆ ಜ್ವರ ಕಾಣುವ ಮೊದಲೇ ಜೊಲ್ಲಿನಲ್ಲಿ ವೈರಸ್ ಬರತೊಡಗುತ್ತದೆ. ಅಂದರೆ ಆರೋಗ್ಯವಾಗಿ ಓಡಾಡುವ, ಮಾರಾಟಕ್ಕೆ ಲಾಯಕ್ಕಾಗಿ ಕಾಣುವ ಮರಿಯೇ ರೋಗ ಹರಡುತ್ತಿರಬಹುದು. ಆ ಐದಾರು ವಾರ ನೂರ್ಡ್ ಬ್ರಬಾಂಟ್‌ನಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರು. ಮರಿ ಸಾಕುವವರು ಕೊಬ್ಬಿಸುವವರಿಗೆ ಮರಿ ಮಾರಿದರು. ಕಸಾಯಿಖಾನೆಯ ಲಾರಿ ಒಂದೇ ಸುತ್ತಿನಲ್ಲಿ ಮೂರ್ನಾಲ್ಕು ಫಾರ್ಮಿಗೆ ಹೋಗಿ ಹಂದಿ ತುಂಬಿಕೊಂಡಿತು. ಡಾಕ್ಟರು, ವ್ಯಾಪಾರಿ, ಸತ್ತ ಹಂದಿ ಒಯ್ಯುವ ಗಾಡಿ, ಎಲ್ಲವೂ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ. ನಮ್ಮ ರೈತ ಕೇಳುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಂದಿ ಶೆಡ್ ಬಿಟ್ಟು ಹೋಗಬೇಕಾಗಿಯೇ ಇಲ್ಲ. ಹೊರಗಿನ ಚಕ್ರ, ಬೂಟು, ಹಗ್ಗ, ಸೂಜಿ ಒಳಗೆ ಬಂದರೆ ಸಾಕು.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ್ದು ವೀರ್ಯದ ಕಥೆ. ಗಂಡು ಹಂದಿಗಳನ್ನು ಸಾಕಿ, ವೀರ್ಯ ತೆಗೆದು ಫಾರ್ಮುಗಳಿಗೆ ಕಳಿಸುವ ಎರಡು ಕೃತಕ ಗರ್ಭಧಾರಣೆ ಕೇಂದ್ರಗಳಿಗೂ ವೈರಸ್ ಹೊಕ್ಕಿತು. ಗಂಡು ಹಂದಿಗೆ ಸೋಂಕು ಇದ್ದರೆ ವೀರ್ಯದಲ್ಲೂ ವೈರಸ್ ಬರುತ್ತದೆ. ಅಲ್ಲಿಂದ ವೀರ್ಯ ತರಿಸಿಕೊಂಡಿದ್ದ 1,680 ಫಾರ್ಮುಗಳನ್ನು ಒಂದೇ ಸಲಕ್ಕೆ ಅನುಮಾನದ ಪಟ್ಟಿಗೆ ಸೇರಿಸಬೇಕಾಯಿತು. ಅವುಗಳಲ್ಲಿ ನಿಜವಾಗಿ ರೋಗ ತಗುಲಿದ್ದು ಕೆಲವಕ್ಕೆ ಮಾತ್ರ. ಆದರೆ ಪ್ರತಿಯೊಂದಕ್ಕೂ ಹೋಗಿ ನೋಡಲೇಬೇಕಲ್ವಾ? ಹೋಗಿ ನೋಡುವ ಮನುಷ್ಯನೂ ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಹೋಗುವವನೇ.

ಮೊದಮೊದಲು ಸರ್ಕಾರ ಮಾಡಿದ್ದು ಎಲ್ಲರೂ ನಿರೀಕ್ಷಿಸುವಂಥದ್ದೇ. ರೋಗ ಖಚಿತವಾದ ಫಾರ್ಮಿನ ಎಲ್ಲ ಹಂದಿಗಳನ್ನು ಕೊಂದರು. ಸುತ್ತಮುತ್ತ ಹಂದಿ ಸಾಗಾಟ ನಿಲ್ಲಿಸಿದರು. ಆದರೂ ಹೊಸ ಫಾರ್ಮುಗಳ ಸಂಖ್ಯೆ ಏರುತ್ತಲೇ ಹೋಯಿತು. ಒಂದು ಫಾರ್ಮಿನಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಅದು ಪಕ್ಕದ ಫಾರ್ಮಿಗೆ ದಾಟಿ ಆಗಿರುತ್ತಿತ್ತು. ಕೊಲ್ಲುವವರು ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಸಾಗಾಟ ನಿಲ್ಲಿಸಿದ್ದರಿಂದ ಇನ್ನೊಂದು ಕಷ್ಟ ಎದುರಾಯಿತು. ಹಂದಿ ಬೆಳೆಯುವುದು ನಿಲ್ಲುವುದಿಲ್ಲ. ಮಾರುವ ಹಾಗಿಲ್ಲ, ಗೂಡು ತುಂಬಿ ಹೋಯಿತು, ಮರಿಗಳು ಹುಟ್ಟುತ್ತಲೇ ಇವೆ. ರೋಗವೇ ಇಲ್ಲದ ಫಾರ್ಮುಗಳ ಹಂದಿಗಳನ್ನು, ಹುಟ್ಟಿ ಕೆಲವೇ ದಿನವಾದ ಮರಿಗಳನ್ನು ಕೂಡ, ಸರ್ಕಾರವೇ ಕೊಂಡು ಕೊಲ್ಲಬೇಕಾಯಿತು. ಗರ್ಭ ಕಟ್ಟಿಸುವುದನ್ನೂ ನಿಷೇಧಿಸಿದರು. ಹೀಗೆ ಹಂದಿ ಒಯ್ಯಲು ಬಂದ ಲಾರಿಗಳೂ ಅಪಾಯವೇ ಎಂದು ಆಮೇಲೆ ಗೊತ್ತಾಗಿ ಆ ಓಡಾಟವನ್ನೂ ತಗ್ಗಿಸಿದರು. ರೋಗ ಇಳಿಮುಖವಾಗಿದ್ದು ತಂತ್ರ ಬದಲಾದ ಮೇಲೆ. ರೋಗ ಬಂದ ಫಾರ್ಮಿನ ಅಕ್ಕಪಕ್ಕದವನ್ನೂ, ಅದರ ಜೊತೆ ವ್ಯವಹಾರ ಇದ್ದವನ್ನೂ ಕಾಯದೆ ಖಾಲಿ ಮಾಡಿಸಿದರು. ಸುಮಾರು 1,300 ಫಾರ್ಮು ಹೀಗೆ ಮುಂಚಿತವಾಗಿ ಹೋದವು. ಡಾಕ್ಟರುಗಳು ಎಲ್ಲ ಫಾರ್ಮುಗಳನ್ನು ಮತ್ತೆ ಮತ್ತೆ ಸುತ್ತಿ ಪರೀಕ್ಷೆ ಮಾಡಿದರು. ಕೊನೆಯ ಫಾರ್ಮು ಖಾಲಿಯಾಗಿದ್ದು 1998ರ ಮಾರ್ಚ್ 6ಕ್ಕೆ. ರೋಗ ಬಂದದ್ದು 429 ಫಾರ್ಮಿಗೆ. ಸತ್ತ ಹಂದಿಗಳು ಒಂದು ಕೋಟಿಗೂ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ರೋಗವೇ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಲಸಿಕೆ ಹಾಕಬಾರದಿತ್ತಾ ಅಂತ ಯಾರಾದರೂ ಕೇಳುತ್ತಾರೆ. ಒಳ್ಳೆಯ ಲಸಿಕೆ ಆಗಲೇ ಇತ್ತು. ಮೊಲಗಳ ಮೈಯಲ್ಲಿ ದಾಟಿಸಿ ದಾಟಿಸಿ ಸೌಮ್ಯ ಮಾಡಿದ ಜೀವಂತ ವೈರಸ್ಸಿನ ಲಸಿಕೆ. ಹಾಕಿದ ಒಂದೇ ವಾರದೊಳಗೆ ರಕ್ಷಣೆ ಕೊಡುತ್ತದೆ. ಆದರೆ ಅದನ್ನು ಹಾಕಿಸಿಕೊಂಡ ಹಂದಿಯ ರಕ್ತದಲ್ಲಿ ಬರುವ ಪ್ರತಿಕಾಯಗಳೂ, ರೋಗ ಬಂದು ಉಳಿದ ಹಂದಿಯ ಪ್ರತಿಕಾಯಗಳೂ ಪರೀಕ್ಷೆಯಲ್ಲಿ ಒಂದೇ ರೀತಿ ಕಾಣುತ್ತವೆ. ಲಸಿಕೆ ಹಾಕಿದರೆ ದೇಶದಲ್ಲಿ ರೋಗ ಎಲ್ಲಿ ಅಡಗಿದೆ ಎಂದು ರಕ್ತ ನೋಡಿ ಹುಡುಕಲು ಆಗುವುದಿಲ್ಲ, ಹಂದಿಮಾಂಸದ ರಫ್ತು ನಿಲ್ಲುತ್ತದೆ. ಹಾಗಾಗಿ ಯುರೋಪಿನ ದೇಶಗಳು ದಿನನಿತ್ಯದ ಲಸಿಕೆ ಬಿಟ್ಟು ಕೊಲ್ಲುವ ದಾರಿ ಹಿಡಿದಿದ್ದವು. ಒಂದು ಕೋಟಿ ಜೀವಗಳ ಲೆಕ್ಕ ಓದಿದಾಗಲೆಲ್ಲ ಆ ನಿರ್ಧಾರ ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿನ ಜನರಿಗೂ ಇದು ತಡೆಯಲಾಗದ ನೋವಾಗಿ, ಎರಡು ಬಗೆಯ ಪ್ರತಿಕಾಯಗಳನ್ನು ಬೇರೆ ಮಾಡಿ ತೋರಿಸುವ ಹೊಸ ಲಸಿಕೆಗಳ ಕೆಲಸಕ್ಕೆ ಚುರುಕು ಬಂತು.

ನಮ್ಮಲ್ಲಿ ಮಾತು ಬೇರೆ. ಇಲ್ಲಿ ರೋಗ ಹಲವು ರಾಜ್ಯಗಳಲ್ಲಿ ಬೇರೂರಿದೆ, ಕೊಂದು ಮುಗಿಸಲು ಆಗುವುದಿಲ್ಲ. ಲಸಿಕೆಯೇ ದಾರಿ. ಮೊಲದ ಗುಲ್ಮದಿಂದ ಮಾಡುವ ಹಳೆಯ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ಒಂದು ಮೊಲದಿಂದ ಸಿಗುವುದು ಸುಮಾರು 50 ಡೋಸ್ ಮಾತ್ರ. ಅದಕ್ಕೇ ಎಷ್ಟೋ ಸಲ ಬೇಕಾದಾಗ ಸಿಗುವುದಿಲ್ಲ. 2020ರಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ನಮ್ಮ ದೇಶದ್ದೇ ವೈರಸ್ ತಳಿಯಿಂದ, ಮೊಲ ಬೇಕಿಲ್ಲದೆ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ ಹೊರತಂದಿತು. ಇದನ್ನು ಕಡಿಮೆ ಖರ್ಚಿನಲ್ಲಿ ಬೇಕಾದಷ್ಟು ಮಾಡಬಹುದು.

"ಲಸಿಕೆ ಹಾಕಿಸಿದ್ದೆ, ಆದರೂ ಬಂತು" ಎಂಬ ದೂರು ನಾನು ಎಷ್ಟೋ ಸಲ ಕೇಳಿದ್ದೇನೆ. ಕೂತು ವಿಚಾರಿಸಿದರೆ ಹೆಚ್ಚಾಗಿ ಈ ಮೂರರಲ್ಲಿ ಒಂದು ಸಿಗುತ್ತದೆ.

ಮೊದಲನೆಯದು ವಯಸ್ಸು. ಲಸಿಕೆ ಹಾಕಿಸಿಕೊಂಡ ತಾಯಿಯ ಗಿಣ್ಣು ಹಾಲಿನಿಂದ ಮರಿಗೆ ಪ್ರತಿಕಾಯಗಳು ಬರುತ್ತವೆ. ಅವು ಮರಿಯನ್ನು ಕೆಲವು ವಾರ ಕಾಯುತ್ತವೆ. ಆದರೆ ಆ ಸಮಯದಲ್ಲಿ ಲಸಿಕೆ ಹಾಕಿದರೆ ಲಸಿಕೆಯ ವೈರಸ್ಸನ್ನೂ ಕೊಂದುಬಿಡುತ್ತವೆ. ಸೂಜಿ ಚುಚ್ಚಿದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ಅಂಥ ತಾಯಿಯ ಮರಿಗೆ ಸುಮಾರು ಎರಡು ತಿಂಗಳಿಗೆ ಹಾಕಬೇಕು. ತಾಯಿಗೆ ಲಸಿಕೆ ಆಗಿಲ್ಲದಿದ್ದರೆ ಅಷ್ಟು ದಿನ ಕಾಯುವುದು ಅಪಾಯ, ಎರಡು ಮೂರು ವಾರಕ್ಕೇ ಹಾಕಿ ಆಮೇಲೆ ಇನ್ನೊಮ್ಮೆ ಹಾಕಬೇಕು. ತಾಯಿ ಹಂದಿಗೆ ಗರ್ಭ ಕಟ್ಟಿಸುವ ಮೊದಲೇ ಹಾಕಿಸುವುದು ಒಳ್ಳೆಯದು, ಆಮೇಲೆ ವರ್ಷ ವರ್ಷ. ತಾಯಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಗರ್ಭದಲ್ಲಿದ್ದಾಗ ಸೋಂಕು ತಗುಲಿದ ಕೆಲವು ಮರಿಗಳು ಸಾಯದೆ ಹುಟ್ಟುತ್ತವೆ, ನೋಡಲು ಚೆನ್ನಾಗಿಯೇ ಇರುತ್ತವೆ. ಅವುಗಳ ಮೈಗೆ ಈ ವೈರಸ್ ಹೊರಗಿನದು ಅಂತ ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ವೈರಸ್ ಹೊರಗೆ ಬಿಡುತ್ತಾ, ಸಣಕಲಾಗಿ, ಕೊನೆಗೆ ಸಾಯುತ್ತವೆ. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಸೊರಗಿದ ಮರಿ ಇಂಥದ್ದೇ ಆಗಿರಬಹುದು.

ಎರಡನೆಯದು ಐಸ್. ಇದು ಜೀವಂತ ಲಸಿಕೆ. ಪುಡಿಯನ್ನು ತಣ್ಣಗಿನ ದ್ರಾವಣದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಅಲ್ಲಿಯತನಕ ಬಾಟಲಿ ಐಸ್ ಮೇಲೇ ಇರಬೇಕು. ಬೈಕಿನ ಬಾಕ್ಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಸುತ್ತಾಡಿ ಬಂದ ಬಾಟಲಿಯಲ್ಲಿ ಇರುವುದು ಬರೀ ನೀರು.

ಮೂರನೆಯದು ತಡ. ಪಕ್ಕದ ಫಾರ್ಮಿನಲ್ಲಿ ಸಾವು ಶುರುವಾದ ಮೇಲೆ ಓಡಿ ಬಂದು ಹಾಕಿಸುತ್ತಾರೆ. ಅಷ್ಟರಲ್ಲಿ ಕೆಲವು ಹಂದಿಗಳಿಗೆ ವೈರಸ್ ಹೊಕ್ಕಿರುತ್ತದೆ, ಅವನ್ನು ಲಸಿಕೆ ಉಳಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದರೆ ಒಂದೇ ಸೂಜಿಯಲ್ಲಿ ಎಲ್ಲಕ್ಕೂ ಚುಚ್ಚುವುದು. ಸೋಂಕು ಇರುವ ಒಂದರ ರಕ್ತ ಮುಂದಿನ ಹತ್ತಕ್ಕೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ನಾನು ಮೊದಲು ಥರ್ಮಾಮೀಟರ್ ಇಡುತ್ತೇನೆ. ಜ್ವರ ಇರುವುದನ್ನು ಬಿಟ್ಟು, ಚೆನ್ನಾಗಿರುವ ಗೂಡಿನಿಂದ ಶುರು ಮಾಡಿ, ಒಂದಕ್ಕೆ ಒಂದು ಸೂಜಿಯಂತೆ ಹಾಕುತ್ತೇನೆ.

ನೆದರ್ಲೆಂಡ್ಸ್‌ನಲ್ಲಿ ಲಾರಿ ಮಾಡಿದ ಕೆಲಸವನ್ನು ನಮ್ಮಲ್ಲಿ ಮುಸುರೆಯೂ ಮಾಡುತ್ತದೆ. ನಗರದ ಸುತ್ತಲಿನ ಸಣ್ಣ ಫಾರ್ಮುಗಳು ಹೋಟೆಲ್ ಮುಸುರೆಯನ್ನೇ ನಂಬಿವೆ. ಅದರಲ್ಲಿ ಹಂದಿಮಾಂಸದ ತುಣುಕು ಇದ್ದರೆ ವೈರಸ್ ಅದರೊಳಗೆ ಬರಬಹುದು. ಫ್ರೀಜರಿನಲ್ಲಿಟ್ಟ ಮಾಂಸದಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ, ಉಪ್ಪು ಹಾಕಿ ಹೊಗೆಗೆ ಒಣಗಿಸಿದರೂ ತಿಂಗಳುಗಟ್ಟಲೆ. ಬಿಸಿಗೆ ಮಾತ್ರ ತಡೆಯುವುದಿಲ್ಲ. ಮುಸುರೆಯನ್ನು ತಿರುವುತ್ತಾ ಒಂದು ಗಂಟೆ ಚೆನ್ನಾಗಿ ಕುದಿಸಬೇಕು, ಬರೀ ಬೆಚ್ಚಗೆ ಮಾಡಿದರೆ ಸಾಲದು. ಕುದಿಸಿದ ಮೇಲೆ ಹಸಿ ಮುಸುರೆ ತಂದ ಅದೇ ಡ್ರಮ್ಮಿಗೆ ವಾಪಸ್ಸು ಸುರಿಯುವುದನ್ನೂ ನೋಡಿದ್ದೇನೆ. ಸೌದೆ ಸುಟ್ಟಿದ್ದು ದಂಡ.

ನಾನು ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದ ಆ ಸಣ್ಣ ಫಾರ್ಮಿನ ರಿಪೋರ್ಟ್ ಬಂತು, ಹಂದಿ ಜ್ವರವೇ. ರೋಗ ಎಲ್ಲಿಂದ ಬಂತು ಅಂತ ನಾವು ಕ್ಯಾಲೆಂಡರ್ ಇಟ್ಟುಕೊಂಡು ಹಿಂದಕ್ಕೆ ಎಣಿಸಿದೆವು. ಮೊದಲ ಮರಿ ಮೇವು ಬಿಟ್ಟ ದಿನದಿಂದ ನಾಲ್ಕು ದಿನ ಹಿಂದೆ, ಹತ್ತು ದಿನ ಹಿಂದೆ. ಅಷ್ಟರ ನಡುವೆ ಶೆಡ್ಡಿಗೆ ಯಾರು ಬಂದರು? ಹೊಸ ಮರಿ ತಂದಿರಲಿಲ್ಲ. ಮುಸುರೆ ಹಾಕುತ್ತಿರಲಿಲ್ಲ. ತುಂಬಾ ಹೊತ್ತು ಯೋಚಿಸಿ ಮನೆಯ ಅಮ್ಮ ಹೇಳಿದರು, "ಆ ಭಾನುವಾರ ವ್ಯಾಪಾರಿ ಬಂದಿದ್ರಲ್ಲ, ಗೂಡಿನೊಳಗೆ ಇಳಿದು ಒಂದೊಂದನ್ನೇ ಎತ್ತಿ ತೂಕ ನೋಡಿದ್ರು. ರೇಟು ಹೊಂದಲಿಲ್ಲ, ಹೋದರು." ಅವರ ಗಾಡಿಯಲ್ಲಿ ಆಗಲೇ ಬೇರೆ ಕಡೆ ಕೊಂಡ ನಾಲ್ಕು ಹಂದಿ ಇದ್ದವಂತೆ.

ಈಗ ಆ ಮನೆಯವರು ತಕ್ಕಡಿಯನ್ನು ಗೇಟಿನ ಹೊರಗೆ ರಸ್ತೆ ಬದಿಗೆ ಇಟ್ಟಿದ್ದಾರೆ. ಹಂದಿಯನ್ನು ತಾವೇ ಅಲ್ಲಿಗೆ ಹೊಡೆದುಕೊಂಡು ಹೋಗಿ ತೂಗಿ ಕೊಡುತ್ತಾರೆ. ತೂಕಕ್ಕೆ ಹೋದ ಹಂದಿ ಮಾರಾಟವಾಗದಿದ್ದರೆ ಅದು ಶೆಡ್ಡಿಗೆ ವಾಪಸ್ಸು ಬರುವುದಿಲ್ಲ. ದೂರದ ಪ್ರತ್ಯೇಕ ಗೂಡಿನಲ್ಲಿ ಒಂದು ತಿಂಗಳು ಇರುತ್ತದೆ.